ಐದು ಜನರ ತಿದ್ದುಪಡಿ, ಒಂದು ಬ್ರೋಷರ್: ಕಿನ್ನಾಳ ಗೊಂಬೆಗಳ ಕರಡು ಒಂದಾದ ಬಗೆ

ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರ ಕುಟುಂಬಗಳು ಮಾಡುವ ಮರದ ಗೊಂಬೆಗಳ ಬಗ್ಗೆ ಒಂದು ಬ್ರೋಷರ್ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ಎ4 ಹಾಳೆ, ಎರಡು ಮಡಿಕೆ, ಹಿಂದೆ ಮುಂದೆ ಸೇರಿ ಆರು ಪುಟ, 2000 ಪ್ರತಿ. ಕರಡು ಬರೆಯಲು ನಾಲ್ಕು ದಿನ ಹಿಡಿಯಿತು. ಅದರ ಮೇಲೆ ಐದು ಜನ ಕೊಟ್ಟ ಅಭಿಪ್ರಾಯಗಳನ್ನು ಒಂದುಗೂಡಿಸಲು ಹನ್ನೊಂದು ದಿನ ಬೇಕಾಯಿತು. ಆ ಹನ್ನೊಂದು ದಿನಗಳಲ್ಲಿ ನಡೆದದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಬರೆಯುವುದಕ್ಕಿಂತ ಕಷ್ಟದ ಕೆಲಸ ಅದು, ಅದನ್ನು ಹೇಗೆ ಮಾಡಬೇಕೆಂದು ಯಾರೂ ಕೂತು ಕಲಿಸುವುದಿಲ್ಲ.

ಐವರು ಯಾರೆಂದು ಮೊದಲು ಹೇಳಬೇಕು. ಗೊಂಬೆ ಮಾಡುವವರ ಸಂಘದ ಅಧ್ಯಕ್ಷರು ಒಬ್ಬರು, ಹಿರಿಯ ಕುಶಲಕರ್ಮಿ. ಮುದ್ರಣದ ಖರ್ಚು ಕೊಡುವ ಇಲಾಖೆಯ ಅಧಿಕಾರಿ ಎರಡನೆಯವರು. ಮೂರನೆಯವರು ಬೆಂಗಳೂರಿನ ತಮ್ಮ ಅಂಗಡಿಗೆ ಸಗಟಾಗಿ ಗೊಂಬೆ ಕೊಳ್ಳುವ ವ್ಯಾಪಾರಿ. ನಾಲ್ಕನೆಯವರು ಈ ಸೀಮೆಯ ಇತಿಹಾಸವನ್ನು ಜೀವಮಾನವೆಲ್ಲ ಓದಿರುವ ನಿವೃತ್ತ ಮೇಷ್ಟ್ರು. ಐದನೆಯವರು ಮುದ್ರಣಾಲಯದ ಯಜಮಾನರು. ಐವರಿಗೂ ಬ್ರೋಷರ್ ಚೆನ್ನಾಗಿ ಬರಲಿ ಎಂಬ ಆಸೆ ನಿಜವಾಗಿಯೂ ಇತ್ತು. ಆದರೆ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಬ್ರೋಷರ್ ಇತ್ತು.

ಅಭಿಪ್ರಾಯಗಳು ಬಂದ ರೂಪವೇ ಬೇರೆ ಬೇರೆ. ಅಧಿಕಾರಿಗಳು ಮುದ್ರಿತ ಪ್ರತಿಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಟ್ಟರು. ವ್ಯಾಪಾರಿ ಆರು ನಿಮಿಷದ ಧ್ವನಿ ಸಂದೇಶ ಕಳಿಸಿದರು. ಮೇಷ್ಟ್ರು ಎರಡು ಪುಟದ ಪತ್ರ ಬರೆದರು. ಅಧ್ಯಕ್ಷರು ತಮ್ಮ ಮನೆಯ ಪಡಸಾಲೆಯಲ್ಲಿ ಕೂರಿಸಿಕೊಂಡು, ಬಣ್ಣ ಹಚ್ಚುತ್ತಲೇ ಹೇಳುತ್ತಾ ಹೋದರು. ಮುದ್ರಣಾಲಯದವರು ಫೋನಿನಲ್ಲಿ ಮಾತನಾಡಿದರು. ಇವನ್ನೆಲ್ಲ ಪಕ್ಕದಲ್ಲಿಟ್ಟುಕೊಂಡು ನೇರವಾಗಿ ಕರಡಿಗೆ ಕೈಹಾಕುವುದು ಬಹಳ ಜನ ಮಾಡುವ ತಪ್ಪು. ಹಾಗೆ ಮಾಡಿದರೆ ಕೊನೆಗೆ ಓದಿದ ಅಭಿಪ್ರಾಯವೇ ಗೆಲ್ಲುತ್ತದೆ, ಮೊದಲು ಮಾಡಿದ ತಿದ್ದುಪಡಿ ಯಾವಾಗ ಅಳಿಸಿಹೋಯಿತು ಎಂಬುದು ತಿದ್ದಿದವರಿಗೂ ತಿಳಿಯುವುದಿಲ್ಲ.

ಇನ್ನೊಂದು ಸಂಗತಿಯನ್ನು ಅದಕ್ಕೂ ಮೊದಲೇ ನೋಡಿಕೊಳ್ಳಬೇಕು: ಐವರೂ ಓದಿದ್ದು ಒಂದೇ ಕರಡೇ? ವ್ಯಾಪಾರಿ ಹೇಳಿದ ಒಂದು ಮಾತು ನನಗೆ ಅರ್ಥವೇ ಆಗಲಿಲ್ಲ. ನಾಲ್ಕನೆಯ ಪುಟದಲ್ಲಿ ಇಲ್ಲದ ಸಾಲೊಂದನ್ನು ತೆಗೆಯಿರಿ ಎಂದಿದ್ದರು. ವಿಚಾರಿಸಿದಾಗ, ವಾರದ ಹಿಂದೆ ಯಾರೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದ ಹಳೆಯ ಪ್ರತಿಯ ಚಿತ್ರವನ್ನು ಅವರು ನೋಡಿದ್ದರು. ಆಮೇಲೆ ಪ್ರತಿ ಪುಟದ ಅಡಿಯಲ್ಲಿ ‘ಕರಡು 1’ ಎಂದೂ ತಾರೀಖನ್ನೂ ಹಾಕಿ ಮತ್ತೆ ಕಳಿಸಿದೆ. ಎಲ್ಲರ ಅಭಿಪ್ರಾಯ ಬರುವ ತನಕ ಕರಡಿನ ಒಂದಕ್ಷರವನ್ನೂ ಮುಟ್ಟಬಾರದು. ಕಣ್ಣಿಗೆ ಕಾಣುವ ಅಕ್ಷರದೋಷವನ್ನು ಕೂಡ ಬರೆದಿಟ್ಟುಕೊಳ್ಳಬೇಕೇ ಹೊರತು ಅಲ್ಲಿಯೇ ತಿದ್ದಬಾರದು.

ಮಾತನ್ನು ಬಿಡಿಸಿ ಬರೆಯುವುದು

ಮೊದಲ ನಿಜವಾದ ಕೆಲಸ, ಬಂದ ಪ್ರತಿಯೊಂದು ಮಾತನ್ನೂ ಒಂದೇ ವಿಷಯದ ತುಣುಕುಗಳಾಗಿ ಒಡೆಯುವುದು. ಮೇಷ್ಟ್ರ ಪತ್ರದ ಒಂದು ವಾಕ್ಯವೇ ಇದಕ್ಕೆ ಉದಾಹರಣೆ: ‘ಎರಡನೆಯ ಪುಟ ತುಂಬ ದೀರ್ಘವಾಗಿದೆ, ಅಲ್ಲಿಯ ಕಾಲಮಾನ ತಪ್ಪು, ಊರಿನ ಹೆಸರಿನ ಕಾಗುಣಿತವನ್ನೂ ನೋಡಿ.’ ಇದು ಒಂದು ಅಭಿಪ್ರಾಯವಲ್ಲ, ಮೂರು. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡುವ ಸಂದರ್ಭ ಬರಬಹುದು. ಒಡೆಯದಿದ್ದರೆ ಮೂರನ್ನೂ ಒಪ್ಪಬೇಕು, ಇಲ್ಲವೇ ಮೂರನ್ನೂ ಬಿಡಬೇಕು.

ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿದೆ. ಒಂದು ತುಣುಕಿಗೆ ಒಂದು ಸಾಲು. ಕ್ರಮಸಂಖ್ಯೆ, ಪುಟ, ಹೇಳಿದವರು, ಅವರದೇ ಮಾತು, ಆ ಮಾತಿನ ಹಿಂದಿರುವ ತೊಂದರೆ, ತೀರ್ಮಾನ, ಕಾರಣ. ಇವುಗಳಲ್ಲಿ ‘ಅವರದೇ ಮಾತು’ ಮತ್ತು ‘ಹಿಂದಿರುವ ತೊಂದರೆ’ ಎಂಬ ಎರಡು ಅಂಕಣಗಳನ್ನು ಬೇರೆ ಬೇರೆಯಾಗಿ ಇಡುವುದರಲ್ಲಿ ಈ ಇಡೀ ಕೆಲಸದ ಜೀವ ಇದೆ. ಜನ ಸಾಮಾನ್ಯವಾಗಿ ತಮಗಾದ ತೊಂದರೆಯನ್ನು ಹೇಳುವುದಿಲ್ಲ, ತಮಗೆ ಹೊಳೆದ ಮದ್ದನ್ನು ಹೇಳುತ್ತಾರೆ. ‘ಈ ಚಿತ್ರವನ್ನು ದೊಡ್ಡದು ಮಾಡಿ’ ಎನ್ನುವುದು ಮದ್ದು. ‘ಗೊಂಬೆಯ ಮುಖದ ಕುಸುರಿ ಕಾಣುತ್ತಿಲ್ಲ’ ಎನ್ನುವುದು ತೊಂದರೆ. ಇಬ್ಬರ ಮದ್ದುಗಳು ಪರಸ್ಪರ ಕೂಡದಿದ್ದರೂ ಇಬ್ಬರ ತೊಂದರೆಗಳು ಒಂದೇ ಆಗಿರಬಹುದು. ತೊಂದರೆ ಏನೆಂದು ಊಹಿಸಿ ಬರೆಯಬಾರದು. ಗೊತ್ತಾಗದಿದ್ದರೆ ಫೋನು ಮಾಡಿ ಕೇಳಬೇಕು: ‘ಇದನ್ನು ಓದಿದಾಗ ನಿಮಗೆ ಏನು ಸರಿ ಅನ್ನಿಸಲಿಲ್ಲ, ಸರ್?’

ಒಡೆದಾಗ ಒಟ್ಟು 38 ತುಣುಕುಗಳಾದವು. ಅವುಗಳಲ್ಲಿ ಒಂಬತ್ತು, ಬೇರೆಯವರು ಆಗಲೇ ಹೇಳಿದ್ದರ ಪುನರಾವರ್ತನೆ. ಉಳಿದ 29ರಲ್ಲಿ 17ಕ್ಕೆ ಯಾರ ವಿರೋಧವೂ ಇರಲಿಲ್ಲ. ಹಾಗಾದರೆ ನಿಜವಾದ ತಿಕ್ಕಾಟ ಹನ್ನೆರಡು ತುಣುಕುಗಳಲ್ಲಿ ಮಾತ್ರ. ಆ ಹನ್ನೆರಡನ್ನು ವಿಷಯವಾರು ಗುಂಪು ಮಾಡಿದಾಗ ಐದು ಗಂಟುಗಳು ಉಳಿದವು: ಐದನೆಯ ಪುಟ ಯಾರಿಗಾಗಿ, ಕಲೆಯ ವಯಸ್ಸೆಷ್ಟು, ಬೆಲೆ ಹಾಕಬೇಕೇ, ಗೊಂಬೆ ಮಾಡುವ ವಿಧಾನವನ್ನು ಎಷ್ಟು ಹೇಳಬೇಕು, ನಡುವಿನ ಚಿತ್ರ ಎಷ್ಟು ದೊಡ್ಡದಿರಬೇಕು. ಪಟ್ಟಿ ಮಾಡುವ ಮೊದಲು ಐದು ಜನರ ನಡುವೆ ದೊಡ್ಡ ಕದನವೇ ಇದೆ ಎಂದು ನನಗೆ ಕಂಡಿತ್ತು. ಪಟ್ಟಿಯಾದ ಮೇಲೆ ಬಿಡಿಸಬೇಕಾದ ಐದು ಗಂಟುಗಳಷ್ಟೇ ಉಳಿದವು.

ಗಂಟು ಬಿಡಿಸುವ ಮೊದಲು ಇನ್ನೊಂದು ತೀರ್ಮಾನ ಆಗಬೇಕು: ಯಾವ ವಿಷಯದಲ್ಲಿ ಯಾರ ಮಾತು ಕೊನೆ? ಇದನ್ನು ಅಭಿಪ್ರಾಯಗಳು ಬರುವ ಮೊದಲೇ ಬರೆದಿಟ್ಟುಕೊಂಡರೆ ಒಳ್ಳೆಯದು, ಏಕೆಂದರೆ ಬಂದ ಮೇಲೆ ಬರೆದರೆ ಪಕ್ಷಪಾತದಂತೆ ಕಾಣುತ್ತದೆ. ಗೊಂಬೆ ಮಾಡುವ ಕೆಲಸದ ಬಗ್ಗೆ ಅಧ್ಯಕ್ಷರ ಮಾತು ಕೊನೆ. ಇತಿಹಾಸದ ವಿಷಯದಲ್ಲಿ ಆಧಾರವೇ ಕೊನೆ, ಆಧಾರ ತೋರಿಸುವ ಹೊಣೆ ಮೇಷ್ಟ್ರದು. ಇಲಾಖೆಯ ಲಾಂಛನ, ಬಿಲ್ಲು, ನಿಯಮಗಳಲ್ಲಿ ಅಧಿಕಾರಿಗಳದು. ಕಾಗದ, ಮಡಿಕೆ, ಶಾಯಿ ಮುದ್ರಣಾಲಯದವರದು. ಇವುಗಳಲ್ಲಿ ಯಾವುದಕ್ಕೂ ಸೇರದ ವಿಷಯಕ್ಕೆ ಒಬ್ಬರೇ ಒಬ್ಬರು ಸಹಿ ಹಾಕುವವರು ಇರಬೇಕು. ನಮ್ಮಲ್ಲಿ ಅದು ಸಂಘದ ಅಧ್ಯಕ್ಷರು ಎಂದು ಮೊದಲ ಸಭೆಯಲ್ಲೇ ಆಗಿತ್ತು. ದುಡ್ಡು ಕೊಡುವವರ ಮಾತು ಎಲ್ಲ ವಿಷಯಕ್ಕೂ ಮೇಲು ಎಂದುಕೊಳ್ಳುವ ಅಭ್ಯಾಸ ನಮ್ಮ ಕಡೆ ಗಟ್ಟಿಯಾಗಿದೆ. ಅದರಿಂದ ತಪ್ಪು ಮಾಹಿತಿ ಅಚ್ಚಾಗುತ್ತದೆ, ಆ ತಪ್ಪಿನ ಮೇಲೆ ಇಲಾಖೆಯ ಲಾಂಛನವೇ ಇರುತ್ತದೆ. ಇದನ್ನು ಅಧಿಕಾರಿಗಳಿಗೆ ಹಾಗೆಯೇ ವಿವರಿಸಿದೆ, ಅವರು ಒಪ್ಪಿದರು.

ಮೇಲಿನ ಗಂಟು ಮೊದಲು

ಐದು ಗಂಟುಗಳನ್ನು ಯಾವ ಕ್ರಮದಲ್ಲಿ ಬಿಡಿಸಬೇಕು? ನಾನು ಮೊದಲು ತಪ್ಪು ಕ್ರಮದಲ್ಲಿ ಹೋದೆ. ಸುಲಭವೆಂದು ಕಂಡ ಮೂರನೆಯ ಪುಟ, ಅಂದರೆ ಗೊಂಬೆ ಮಾಡುವ ವಿಧಾನದ ಪುಟವನ್ನು ಎತ್ತಿಕೊಂಡು ಎರಡು ದಿನ ತಿದ್ದಿದೆ. ಬ್ರೋಷರ್ ಯಾರಿಗಾಗಿ ಎಂಬ ಪ್ರಶ್ನೆ ತೀರ್ಮಾನವಾದ ದಿನ ಆ ಎರಡು ದಿನಗಳ ಕೆಲಸದಲ್ಲಿ ಅರ್ಧ ಹೋಯಿತು. ಕಾಲುವೆಯ ಕೊನೆಯ ಹೊಲಗಳಲ್ಲಿ ನೀರಿನ ಜಗಳ ಬಿಡಿಸುವವರಿಗೆ ಇದು ಗೊತ್ತು: ಮೇಲಿನ ತೂಬಿನ ವಿಷಯ ಇತ್ಯರ್ಥವಾಗದೆ ಕೆಳಗೆ ಏನು ಹಂಚಿದರೂ ನಿಲ್ಲುವುದಿಲ್ಲ. ಬ್ರೋಷರಿನ ಮೇಲಿನ ತೂಬು ಎಂದರೆ ಓದುಗ ಯಾರು ಎಂಬುದು. ಅದಾದ ಮೇಲೆ ಯಾವ ಪುಟದಲ್ಲಿ ಏನು. ಆಮೇಲೆ ಸಂಗತಿಗಳ ನಿಜಾಂಶ. ಆಮೇಲೆ ವಾಕ್ಯಗಳು. ಕೊನೆಗೆ ಬಣ್ಣ, ಅಳತೆ.

ಐದನೆಯ ಪುಟದಲ್ಲಿ ಸಗಟು ಖರೀದಿಯ ವಿವರ ಬೇಕು ಎಂದು ವ್ಯಾಪಾರಿ ಹೇಳಿದ್ದರು: ಕನಿಷ್ಠ ಎಷ್ಟು ಗೊಂಬೆ ಕೊಳ್ಳಬೇಕು, ಎಷ್ಟು ದಿನದಲ್ಲಿ ಸಿಗುತ್ತದೆ, ಹೇಗೆ ಪ್ಯಾಕ್ ಮಾಡುತ್ತಾರೆ. ಅಲ್ಲಿ ನಕಾಶೆ ಹಾಕಿ ಎಂದು ಅಧಿಕಾರಿಗಳು ಬರೆದಿದ್ದರು: ಹಂಪಿಗೆ ಬಂದವರು ತುಂಗಭದ್ರೆ ದಾಟಿ ಆನೆಗೊಂದಿಗೆ, ಅಂಜನಾದ್ರಿಗೆ ಬರುತ್ತಾರೆ, ಅಲ್ಲಿಂದ ಕಿನ್ನಾಳದ ತನಕ ಬರಲಿ. ಇದು ನಿಜವಾದ ತಿಕ್ಕಾಟ. ಹಿಂದಿರುವ ತೊಂದರೆಗಳೇ ಬೇರೆ, ಓದುಗರೇ ಬೇರೆ, ಪುಟ ಒಂದೇ.

ಇಂಥ ಕಡೆ ಇಬ್ಬರಿಗೂ ಅರ್ಧರ್ಧ ಪುಟ ಕೊಟ್ಟುಬಿಡುವ ಮನಸ್ಸಾಗುತ್ತದೆ. ನಾನು ಹಾಗೆ ಒಂದು ಮಾದರಿ ಮಾಡಿಯೂ ನೋಡಿದೆ. ಚಿತ್ರವೂ ಇರುವ ಒಂದು ಪುಟದಲ್ಲಿ, ಕಣ್ಣಿಗೆ ಹಿತವಾಗುವ ಅಕ್ಷರದ ಗಾತ್ರದಲ್ಲಿ, ಅರವತ್ತು ಎಪ್ಪತ್ತು ಪದ ಹಿಡಿಸುತ್ತದೆ. ಅರ್ಧ ಪುಟದ ನಕಾಶೆಯಲ್ಲಿ ಊರುಗಳ ಹೆಸರು ಓದಲು ಆಗಲಿಲ್ಲ. ಅರ್ಧ ಪುಟದ ಸಗಟು ವಿವರದಲ್ಲಿ ಪ್ಯಾಕಿಂಗ್ ವಿಷಯ ಬಿಟ್ಟುಹೋಯಿತು. ಇಬ್ಬರಿಗೂ ಉಪಯೋಗವಿಲ್ಲದ ಪುಟ ತಯಾರಾಯಿತು.

ಆ ಮಾದರಿಯನ್ನು ಅಧ್ಯಕ್ಷರ ಮುಂದಿಟ್ಟು ಒಂದೇ ಪ್ರಶ್ನೆ ಕೇಳಿದೆ: ಈ 2000 ಪ್ರತಿಗಳನ್ನು ಯಾರ ಕೈಗೆ, ಎಲ್ಲಿ ನಿಂತು ಕೊಡುತ್ತೀರಿ? ಅವರು ಯೋಚಿಸಿ, ಆನೆಗೊಂದಿಯ ಕಡೆಯ ವಸತಿಗೃಹಗಳಲ್ಲಿ, ಕೊಪ್ಪಳ ಮತ್ತು ಹೊಸಪೇಟೆಯ ರೈಲು ನಿಲ್ದಾಣಗಳ ಹತ್ತಿರ, ಮೇಳದ ಮಳಿಗೆಗಳಲ್ಲಿ ಎಂದರು. ಸಗಟು ವ್ಯಾಪಾರಿಗಳು ವರ್ಷಕ್ಕೆ ಎಷ್ಟು ಜನ ಹೊಸಬರು ಬರುತ್ತಾರೆ ಎಂದರೆ, ಬೆರಳೆಣಿಕೆ ಎಂದರು. ಬೆರಳೆಣಿಕೆಯ ಜನರಿಗೆ ಫೋನಿನಲ್ಲೇ ಹೇಳಬಹುದು, ಒಂದು ಹಾಳೆಯನ್ನು ಕಳಿಸಬಹುದು. ಹಾಗಾಗಿ ಪುಟ ಪ್ರವಾಸಿಗರದಾಯಿತು, ಸಗಟು ಖರೀದಿಗೆ ಒಂದು ಸಾಲು ಮತ್ತು ಫೋನ್ ಸಂಖ್ಯೆ ಉಳಿಯಿತು. ಪಟ್ಟಿಯ ಕಾರಣದ ಅಂಕಣದಲ್ಲಿ ಬರೆದೆ: ‘ಹಂಚುವ ಜಾಗ ಪ್ರವಾಸಿಗರದು. ಸಗಟು ವಿವರಕ್ಕೆ ಪ್ರತ್ಯೇಕ ಹಾಳೆ.’ ವ್ಯಾಪಾರಿಗೆ ನಾನೇ ಫೋನು ಮಾಡಿ ತಿಳಿಸಿದೆ. ಇಲ್ಲ ಎಂಬ ಉತ್ತರವನ್ನು ತಿದ್ದಿದ ಪ್ರತಿಯಲ್ಲಿ ಅವರಾಗಿಯೇ ಹುಡುಕಿ ಕಂಡುಕೊಳ್ಳುವಂತೆ ಬಿಡಬಾರದು.

ನಿಜಾಂಶಕ್ಕೆ ನಡುದಾರಿ ಇಲ್ಲ

ಎರಡನೆಯ ಗಂಟು ವಯಸ್ಸಿನದು. ಮುಖಪುಟದಲ್ಲಿ ‘500 ವರ್ಷಗಳ ಪರಂಪರೆ’ ಎಂದು ದಪ್ಪ ಅಕ್ಷರದಲ್ಲಿ ಹಾಕಿ ಎಂದು ಅಧಿಕಾರಿಗಳು ಬರೆದಿದ್ದರು. ಆ ಸಂಖ್ಯೆ ಎಲ್ಲಿಯೂ ಬರಕೂಡದು ಎಂದು ಮೇಷ್ಟ್ರು ಬರೆದಿದ್ದರು. ಇಲ್ಲಿ ಯಾರೋ ಒಬ್ಬರು, ಹಾಗಾದರೆ ‘ನೂರಾರು ವರ್ಷಗಳ’ ಎಂದು ಹಾಕಿಬಿಡಿ ಎಂದು ಸಲಹೆ ಕೊಟ್ಟರು. ಅದು ಜಗಳವನ್ನು ತಣ್ಣಗಾಗಿಸುತ್ತದೆ, ಪ್ರಶ್ನೆಯನ್ನು ಬಿಡಿಸುವುದಿಲ್ಲ. ರುಚಿಯ ವಿಷಯದಲ್ಲಿ ಇಬ್ಬರ ನಡುವೆ ಒಂದು ಬಿಂದು ಹುಡುಕಬಹುದು, ನಿಜಾಂಶದ ವಿಷಯದಲ್ಲಿ ಆಧಾರವನ್ನೇ ಹುಡುಕಬೇಕು.

500 ಎಲ್ಲಿಂದ ಬಂತು ಎಂದು ಇಬ್ಬರನ್ನೂ ಕೇಳಿದೆ. ಗೊಂಬೆಯ ಕಲೆ ವಿಜಯನಗರದ ಕಾಲದ್ದು ಎಂಬ ಮಾತಿನಿಂದ ಅಧಿಕಾರಿಗಳು ಅದನ್ನು ತೆಗೆದಿದ್ದರು. ವಿಜಯನಗರ ಶುರುವಾದದ್ದು 1336ರಲ್ಲಿ, ಹಂಪಿ ಹಾಳಾದದ್ದು 1565ರಲ್ಲಿ. ಮೊದಲನೆಯದರಿಂದ ಎಣಿಸಿದರೆ ಏಳುನೂರರ ಹತ್ತಿರ ಬರುತ್ತದೆ, ಎರಡನೆಯದರಿಂದ ಎಣಿಸಿದರೆ ಐನೂರೂ ತುಂಬುವುದಿಲ್ಲ. ಅಂದರೆ 500 ಎಂಬುದು ಯಾವ ದಾಖಲೆಯಲ್ಲೂ ಇರುವ ವರ್ಷದ ಲೆಕ್ಕವಲ್ಲ, ಅಂದಾಜಿಗೆ ದುಂಡು ಮಾಡಿದ ಅಂಕಿ. ಇನ್ನು ಮೇಷ್ಟ್ರು ಇಡೀ ಸಂಬಂಧವನ್ನೇ ಅಲ್ಲಗಳೆಯುತ್ತಿರಲಿಲ್ಲ. ಹಂಪಿಯ ವಿರೂಪಾಕ್ಷ ದೇವಾಲಯದ ಛಾವಣಿಯ ಚಿತ್ರಗಳನ್ನು ಬಿಡಿಸಿದವರು ತಮ್ಮ ಹಿರಿಯರು ಎಂದು ಕಿನ್ನಾಳದ ಕುಟುಂಬಗಳು ಹೇಳಿಕೊಂಡು ಬಂದಿರುವುದು ಅವರಿಗೂ ಗೊತ್ತಿತ್ತು. ಅವರ ಆಕ್ಷೇಪ ಒಂದೇ: ಹೇಳಿಕೊಂಡು ಬಂದದ್ದನ್ನು ಹೇಳಿಕೊಂಡು ಬಂದದ್ದು ಎಂದೇ ಬರೆಯಬೇಕು.

ಆಗ ದಾರಿ ಕಂಡಿತು. ಅಧಿಕಾರಿಗಳ ತೊಂದರೆ, ಈ ಕಲೆ ನಿನ್ನೆ ಮೊನ್ನೆಯದಲ್ಲ ಎಂಬುದು ಮುಖಪುಟದಲ್ಲೇ ತಿಳಿಯಬೇಕು. ಮೇಷ್ಟ್ರ ತೊಂದರೆ, ಆಧಾರವಿಲ್ಲದ ಅಂಕಿ. ಹೊಸ ಸಾಲು ಹೀಗಾಯಿತು: ‘ವಿಜಯನಗರದ ಕಾಲದಿಂದ ಬಂದ ಕೈಚಳಕ ಎಂದು ಕಿನ್ನಾಳದ ಚಿತ್ರಗಾರರು ನೆನೆಯುವ ಕಲೆ.’ ಅಂಕಿ ಹೋಯಿತು, ವಿಜಯನಗರ ಉಳಿಯಿತು, ಮಾತು ಯಾರದು ಎಂಬುದೂ ಸೇರಿತು. ಇಬ್ಬರೂ ಮೊದಲು ಕೇಳಿದ್ದು ಇದನ್ನಲ್ಲ, ಆದರೂ ಇಬ್ಬರೂ ಒಪ್ಪಿದರು.

ಬೆಲೆಯ ಗಂಟಿನಲ್ಲಿ ಮೂವರು ಇದ್ದರು. ಪ್ರತಿ ಗೊಂಬೆಯ ಬೆಲೆ ಅಚ್ಚಾಗಬೇಕು ಎಂದು ಅಧ್ಯಕ್ಷರು, ಒಂದೂ ಬೇಡ ಎಂದು ವ್ಯಾಪಾರಿ, ಬೆಲೆ ಬದಲಾದರೆ ಉಳಿದ ಪ್ರತಿಗಳು ರದ್ದಿ ಎಂದು ಮುದ್ರಣಾಲಯದವರು. ಕೇಳುತ್ತಾ ಹೋದಾಗ, ಮನೆಬಾಗಿಲಿಗೆ ಬಂದವರು ಚೌಕಾಸಿ ಮಾಡಿ ಕೈಕೆಲಸದ ಬೆಲೆ ಇಳಿಸುವುದು ಅಧ್ಯಕ್ಷರ ನೋವು ಎಂದು ತಿಳಿಯಿತು. ಬೆಂಗಳೂರಿನ ಬಾಡಿಗೆ, ಸಾಗಣೆ ಸೇರಿದ ತಮ್ಮ ಬೆಲೆಯನ್ನು ಜನ ಊರಿನ ಬೆಲೆಗೆ ಹೋಲಿಸುತ್ತಾರೆ ಎಂಬುದು ವ್ಯಾಪಾರಿಯ ಚಿಂತೆ. ಚೌಕಾಸಿ ನಡೆಯುವುದು ಊರಿನಲ್ಲಿ, ಹೋಲಿಕೆ ನಡೆಯುವುದು ಬೆಂಗಳೂರಿನಲ್ಲಿ. ಜಾಗಗಳು ಬೇರೆಯಾದ್ದರಿಂದ ಕಾಗದಗಳೂ ಬೇರೆಯಾಗಬಹುದು. ತಾರೀಖು ಹಾಕಿದ ದರಪಟ್ಟಿಯನ್ನು ಬಿಡಿ ಚೀಟಿಯಾಗಿ ಅಚ್ಚು ಹಾಕಿಸಿ ಕಿನ್ನಾಳದಲ್ಲೂ ಸಂಘದ ಮೇಳದ ಮಳಿಗೆಗಳಲ್ಲೂ ಮಾತ್ರ ಬ್ರೋಷರಿನೊಳಗೆ ಇಟ್ಟು ಕೊಡುವುದು, ಬ್ರೋಷರಿನಲ್ಲಿ ‘ಬೆಲೆ ಗೊಂಬೆಯ ಅಳತೆ ಮತ್ತು ಕುಸುರಿಯಂತೆ, ದರಪಟ್ಟಿ ಸಂಘದಲ್ಲಿ’ ಎಂದಷ್ಟೇ ಹೇಳುವುದು. ಬೆಲೆ ಬದಲಾದರೆ ಚೀಟಿಯನ್ನು ಮಾತ್ರ ಮತ್ತೆ ಅಚ್ಚು ಹಾಕಿಸಿದರೆ ಸಾಕು, ಮುದ್ರಣಾಲಯದವರ ಮಾತೂ ಅಲ್ಲಿಗೆ ತೀರಿತು.

ಮೂರನೆಯ ಪುಟದ ವಿಧಾನ ಇನ್ನಷ್ಟು ಸ್ವಾರಸ್ಯದ್ದು. ಹಗುರವಾದ ಮರವನ್ನು ಕೆತ್ತಿ, ಗೋಣಿನಾರಿನ ಪುಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಸೇರಿದ ‘ಕಿಟ್ಟ’ದಿಂದ ಸಂದುಗಳನ್ನು ತುಂಬಿ, ಆಕಾರ ಕೂರಿಸಿ, ಆಮೇಲೆ ಬಣ್ಣ ಹಚ್ಚುತ್ತಾರೆ. ಮೇಷ್ಟ್ರಿಗೆ ಇದು ಪೂರ್ತಿಯಾಗಿ ಬೇಕು, ವ್ಯಾಪಾರಿಗೆ ಮೂರು ಸಾಲು ಸಾಕು, ಅಧ್ಯಕ್ಷರಿಗೆ ಪಾಕದ ಅಳತೆ ಹೊರಗೆ ಹೋಗಬಾರದು. ಉದ್ದ ಬೇಕು, ಬೇಡ ಎಂಬ ಜಗಳದಂತೆ ಕಂಡರೂ ಮೂವರು ಮಾತನಾಡುತ್ತಿದ್ದದ್ದು ಮೂರು ಬೇರೆ ಸಂಗತಿಗಳ ಬಗ್ಗೆ: ಹಂತಗಳು, ಪದಗಳ ಸಂಖ್ಯೆ, ಪ್ರಮಾಣ. ಒಂದು ಹಂತವನ್ನೂ ಬಿಡಲಿಲ್ಲ, ಪ್ರಮಾಣವನ್ನು ಹೇಳಲಿಲ್ಲ, ನಾಲ್ಕು ಸಣ್ಣ ಚಿತ್ರಗಳ ಅಡಿಬರಹವಾಗಿ ಬರೆದದ್ದರಿಂದ 82 ಪದಗಳು 55ಕ್ಕೆ ಇಳಿದವು. ಕಿಟ್ಟ ಎಂಬ ಮಾತನ್ನು ಮಾತ್ರ ಯಾರ ಒತ್ತಾಯಕ್ಕೂ ಬಿಡಬಾರದೆಂದು ನಾನೇ ಹಟ ಹಿಡಿದೆ. ಆ ಮನೆಗಳಲ್ಲಿ ದಿನವೂ ಆಡುವ ಮಾತು ಅದು, ‘ಮಿಶ್ರಣ’ ಎಂದು ಬರೆದರೆ ಆ ಪುಟದಿಂದ ಕಿನ್ನಾಳವೇ ಹೊರಟುಹೋಗುತ್ತದೆ.

ಚಿತ್ರದ ಗಂಟು ಬೇಗ ಬಿಟ್ಟಿತು. ನಡುವಿನ ಚಿತ್ರ ಇಡೀ ಹಾಳೆಯ ಅಗಲಕ್ಕೆ ಹರಡಲಿ ಎಂಬುದು ಅಧಿಕಾರಿಗಳ ಆಸೆ. ನಮ್ಮಲ್ಲಿದ್ದ ಚಿತ್ರ ವಾಟ್ಸ್ಆ್ಯಪ್‌ನಲ್ಲಿ ಬಂದದ್ದು, ಅಗಲ 1280 ಪಿಕ್ಸೆಲ್. ಚೊಕ್ಕ ಮುದ್ರಣಕ್ಕೆ ಅಂಗುಲಕ್ಕೆ 300 ಪಿಕ್ಸೆಲ್ ಬೇಕು, ಆ ಲೆಕ್ಕದಲ್ಲಿ ಆ ಚಿತ್ರ 108 ಮಿಲಿಮೀಟರ್ ಅಗಲಕ್ಕೆ ಮಾತ್ರ ಸಾಲುತ್ತದೆ. ಎ4 ಹಾಳೆಯ ಅಗಲ 297 ಮಿಲಿಮೀಟರ್. ಹಿಗ್ಗಿಸಿದರೆ ಮುಖದ ಗೆರೆಗಳು ಮಸುಕಾಗುತ್ತವೆ. ಇಂಥ ವಿಷಯದಲ್ಲಿ ಮುದ್ರಣಾಲಯದವರ ಮಾತನ್ನು ಐದರಲ್ಲಿ ಒಂದು ಮತ ಎಂದು ಎಣಿಸಬಾರದು, ಅದು ಉಳಿದ ನಾಲ್ವರಿಗೂ ಹಾಕಿದ ಎಲ್ಲೆ. ಕ್ಯಾಮೆರಾದ ಮೂಲ ಕಡತವನ್ನೇ ತರಿಸಿದೆವು, ಅದು ಸಾಕಷ್ಟು ದೊಡ್ಡದಿತ್ತು, ಅಧಿಕಾರಿಗಳ ಆಸೆ ಹಾಗೆಯೇ ನೆರವೇರಿತು.

ಜಗಳವಿಲ್ಲದ ತಿದ್ದುಪಡಿಗಳ ಅಪಾಯ

ಐದು ಗಂಟುಗಳೂ ಬಿಚ್ಚಿದವು, 17 ಸುಲಭದ ತಿದ್ದುಪಡಿಗಳೂ ಸೇರಿದವು, ಕೆಲಸ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಬಹಳ ಬ್ರೋಷರುಗಳು ಕೆಡುವುದು ಇಲ್ಲಿಯೇ ಎಂದು ನನಗೆ ಈಗ ಖಚಿತವಾಗಿ ಅನ್ನಿಸುತ್ತದೆ.

ಮೇಷ್ಟ್ರು ಹೇಳಿದ ಹೆಸರಿನ ಕಾಗುಣಿತವನ್ನೇ ನೋಡಿ. ಅದಕ್ಕೆ ಯಾರ ವಿರೋಧವೂ ಇರಲಿಲ್ಲ. ಆದರೆ ಕರಡಿನಲ್ಲಿ ಊರು ಒಂದು ಕಡೆ ಕಿನ್ನಾಳ, ಇನ್ನೊಂದು ಕಡೆ ಕಿನ್ಹಾಳ. ಇಂಗ್ಲಿಷ್ ವಿಳಾಸದಲ್ಲಿ ಒಂದು ಕಡೆ ಎರಡು ಎನ್, ಇನ್ನೊಂದು ಕಡೆ ಎನ್ ಆದ ಮೇಲೆ ಎಚ್. ಈ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆದ್ದರಿಂದ ಇಂಗ್ಲಿಷ್ ಹೆಸರನ್ನು ನಮ್ಮ ಇಷ್ಟದಂತೆ ಬರೆಯುವ ಹಾಗಿಲ್ಲ, ನೋಂದಣಿಯಲ್ಲಿ ಇರುವಂತೆಯೇ ಬರೆಯಬೇಕು. ಸಂಘದಲ್ಲಿದ್ದ ಕಾಗದವನ್ನು ನೋಡಿ ಇಂಗ್ಲಿಷಿನಲ್ಲಿ ಎಚ್ ಇರುವ ರೂಪವನ್ನು ಇಟ್ಟೆವು, ಕನ್ನಡದಲ್ಲಿ ಊರಿನವರು ಆಡುವ ಕಿನ್ನಾಳವನ್ನು ಇಟ್ಟೆವು. ಈ ಒಂದೇ ತೀರ್ಮಾನ ಏಳು ಕಡೆ ಬದಲಾವಣೆ ತಂದಿತು, ನಕಾಶೆಯ ಒಳಗಿನ ಅಕ್ಷರವೂ ಸೇರಿ. ನಕಾಶೆ ಚಿತ್ರವಾಗಿದ್ದರಿಂದ ಕಂಪ್ಯೂಟರಿನ ಹುಡುಕಾಟಕ್ಕೆ ಅದು ಸಿಗುತ್ತಿರಲಿಲ್ಲ, ಕಣ್ಣಿನಿಂದಲೇ ನೋಡಬೇಕಾಯಿತು.

ಇನ್ನೊಂದು ಪ್ರಸಂಗ ಇದಕ್ಕಿಂತ ಸೂಕ್ಷ್ಮ. ಎರಡನೆಯ ಪುಟಕ್ಕೆ ‘ಎಲ್ಲವೂ ಕೈಯಿಂದಲೇ’ ಎಂಬ ಸಾಲು ಸೇರಿಸಿ ಎಂದು ವ್ಯಾಪಾರಿ ಹೇಳಿದ್ದರು, ಸೇರಿಸಿದೆ. ಮೂರನೆಯ ಪುಟದ ಮೊದಲ ಅಡಿಬರಹದಲ್ಲಿ, ಈಗ ಮರವನ್ನು ಯಂತ್ರದಲ್ಲಿ ಸೀಳಿಸಿ ತರುತ್ತೇವೆ, ಸುಳ್ಳು ಬರೆಯಬೇಡಿ ಎಂದು ಅಧ್ಯಕ್ಷರು ತಿದ್ದಿಸಿದ್ದರು, ಅದನ್ನೂ ಸೇರಿಸಿದೆ. ಎರಡು ಬೇರೆ ಪುಟ, ಎರಡು ಬೇರೆ ಸಾಲು, ಪಟ್ಟಿಯಲ್ಲಿ ಎರಡೂ ‘ವಿರೋಧವಿಲ್ಲ’. ಒಪ್ಪಿದ ಮೇಲೆ ಮಾತ್ರ ಅವೆರಡೂ ಒಂದನ್ನೊಂದು ಸುಳ್ಳು ಮಾಡಿದವು. ಅಭಿಪ್ರಾಯಗಳನ್ನು ಅಭಿಪ್ರಾಯಗಳ ಜೊತೆ ಹೋಲಿಸಿದಾಗ ಈ ವಿರೋಧ ಕಾಣುವುದಿಲ್ಲ, ಮುಗಿದ ಪಠ್ಯವನ್ನು ಪಠ್ಯದ ಜೊತೆ ಹೋಲಿಸಿದಾಗ ಕಾಣುತ್ತದೆ. ‘ಕೆತ್ತನೆ, ಕಿಟ್ಟ, ಬಣ್ಣ ಎಲ್ಲವೂ ಕೈಯಿಂದ’ ಎಂದು ಎರಡನೆಯ ಪುಟವನ್ನು ತಿದ್ದಿದೆ.

ಹೀಗಾಗಿ ಎಲ್ಲ ಸೇರಿಸಿದ ಮೇಲೆ ಬ್ರೋಷರನ್ನು ಒಮ್ಮೆ ಓದಿದರೆ ಸಾಲದು. ನಾನು ಮೂರು ಸಲ ಓದುತ್ತೇನೆ, ಒಂದೊಂದು ಸಲ ಒಂದೊಂದನ್ನು ಮಾತ್ರ ಹುಡುಕುತ್ತಾ. ಮೊದಲ ಸಲ ಹೆಸರು, ಅಂಕಿ, ಫೋನ್ ಸಂಖ್ಯೆ ಮಾತ್ರ. ಎರಡನೆಯ ಸಲ ಹೇಳಿಕೆಗಳು: ಒಂದು ಪುಟ ಹೇಳಿದ್ದನ್ನು ಇನ್ನೊಂದು ಪುಟ ಅಲ್ಲಗಳೆಯುತ್ತದೆಯೇ, ಮುಖಪುಟ ತೋರಿಸಿದ್ದು ಒಳಗೆ ಇದೆಯೇ. ಮೂರನೆಯ ಸಲ ಗಟ್ಟಿಯಾಗಿ ಓದುತ್ತೇನೆ, ದನಿಗಾಗಿ. ಮೇಷ್ಟ್ರ ಪತ್ರದಿಂದ ಎತ್ತಿಟ್ಟ ಒಂದು ವಾಕ್ಯದಲ್ಲಿ ‘ಪ್ರವಾಸಿಗರು ವೀಕ್ಷಿಸಬಹುದಾಗಿದೆ’ ಎಂದಿತ್ತು, ಅದರ ಮುಂದಿನ ಸಾಲಿನಲ್ಲೇ ‘ನೀವು ಬಂದು ನೋಡಿ’ ಎಂದಿತ್ತು. ಓದುವವರಿಗೆ ಇದು ತಪ್ಪು ಎಂದು ಹೇಳಲು ಬಾರದಿರಬಹುದು, ಆದರೆ ಎರಡು ಬಾಯಿ ಮಾತನಾಡುತ್ತಿವೆ ಎಂದು ಕಿವಿಗೆ ತಿಳಿಯುತ್ತದೆ. ಯಾರ ವಾಕ್ಯವನ್ನೂ, ಅದು ಎಷ್ಟೇ ಚೆನ್ನಾಗಿರಲಿ, ಹಾಗೆಯೇ ಅಂಟಿಸಬಾರದು. ಅದರ ಸಾರ ತೆಗೆದುಕೊಂಡು ಒಂದೇ ಕೈ ಬರೆಯಬೇಕು. ಇಡೀ ಬ್ರೋಷರಿಗೆ ‘ನೀವು’ ಎಂದು ನಿಶ್ಚಯಿಸಿದೆ.

ಹಿಂತಿರುಗಿಸುವುದು, ಸಹಿ, ಅಚ್ಚು

ತಿದ್ದಿದ ಪ್ರತಿಯನ್ನು ಬರಿದೇ ಕಳಿಸಿದರೆ ಐವರೂ ಅದನ್ನು ಹೊಸ ಕರಡು ಎಂದುಕೊಂಡು ಮೊದಲಿನಿಂದ ಓದುತ್ತಾರೆ, ಹೊಸದಾಗಿ 38 ತುಣುಕುಗಳು ಬರುತ್ತವೆ. ಅದಕ್ಕಾಗಿ ‘ಕರಡು 2’ರ ಜೊತೆಗೆ ಒಂದು ಹಾಳೆಯನ್ನು ಇಟ್ಟೆ. ಐದು ಗಂಟುಗಳು, ಪ್ರತಿಯೊಂದರಲ್ಲಿ ಯಾರು ಏನು ಕೇಳಿದ್ದರು, ಏನು ಮಾಡಿದೆವು, ಏಕೆ. ಒಪ್ಪದೆ ಬಿಟ್ಟ ಸಣ್ಣಪುಟ್ಟ ಸಲಹೆಗಳಿಗೂ ಒಂದೊಂದು ಸಾಲಿನ ಕಾರಣ. ಕೊನೆಗೆ ಒಂದೇ ಪ್ರಶ್ನೆ, ಮೂರು ದಿನದ ಗಡುವು: ‘ಇದರಲ್ಲಿ ತಪ್ಪು ಮಾಹಿತಿ ಏನಾದರೂ ಇದೆಯೇ?’ ‘ನಿಮ್ಮ ಅಭಿಪ್ರಾಯವೇನು’ ಎಂದು ಕೇಳಲಿಲ್ಲ, ಅಭಿಪ್ರಾಯದ ಸುತ್ತು ಮುಗಿದಿತ್ತು.

ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ಭಾವಿಸಬೇಡಿ. ಮೂರನೆಯ ದಿನ ಮುದ್ರಣಾಲಯದವರು ಮತ್ತು ಅಧಿಕಾರಿಗಳು ಮೌನವಾಗಿದ್ದರು. ಇಬ್ಬರಿಗೂ ಫೋನು ಮಾಡಿದೆ. ಅಧಿಕಾರಿಗಳು ಆಗ, ಇಲಾಖೆಯ ಲಾಂಛನ ಹಿಂಬದಿಯ ಪುಟದಲ್ಲಿ ಇರಲೇಬೇಕು ಎಂದರು. ತಡವಾಗಿ ಬಂದ ಮಾತು ನಿಜ. ಆದರೆ ಅದು ನಿಯಮ, ರುಚಿಯಲ್ಲ, ಹಾಗಾಗಿ ಸೇರಿಸಲೇಬೇಕಿತ್ತು. ಜಾಗಕ್ಕಾಗಿ ಹಿಂಬದಿಯ ಪುಟದ ಎರಡು ಸಾಲು ತೆಗೆದೆ, ತೆಗೆದದ್ದನ್ನೂ ಪಟ್ಟಿಯಲ್ಲಿ ಬರೆದೆ. ಅದೇ ದಿನ ಮುಖಪುಟದ ಕೆಂಪು ಇನ್ನಷ್ಟು ಗಾಢವಾಗಲಿ ಎಂಬ ಮಾತು ಕೂಡ ಬಂದಿತ್ತು. ಅದನ್ನು ಮುಂದಿನ ಮುದ್ರಣದ ಪಟ್ಟಿಗೆ ಹಾಕಿದೆ.

ಈ ಕ್ರಮ ಎಲ್ಲ ಕಡೆಯೂ ನಡೆಯುವುದಿಲ್ಲ. ಸಹಿ ಹಾಕುವವರು ಇಬ್ಬರಿದ್ದು ಅವರಿಬ್ಬರೂ ಒಪ್ಪದಿದ್ದರೆ ಎಷ್ಟು ಪಟ್ಟಿ ಮಾಡಿದರೂ ಗಂಟು ಹಾಗೆಯೇ ಉಳಿಯುತ್ತದೆ. ಮೂರನೆಯ ಕರಡಿನಲ್ಲಿ ತೆಗೆದ ಸಾಲು ನಾಲ್ಕನೆಯದರಲ್ಲಿ ಮತ್ತೆ ಬಂದು ಐದನೆಯದರಲ್ಲಿ ಮತ್ತೆ ಹೋಗುತ್ತಿದ್ದರೆ ಅದೇ ಆಗುತ್ತಿದೆ ಎಂದು ತಿಳಿಯಿರಿ. ಆಗ ವಾಕ್ಯ ತಿದ್ದುವುದನ್ನು ನಿಲ್ಲಿಸಿ ಆ ಇಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಬೇಕು. ಓದುಗ ಯಾರು ಎಂಬುದರಲ್ಲೇ ಒಮ್ಮತ ಬಾರದಿದ್ದರೆ ಬೇಕಾಗಿರುವುದು ಎರಡು ಬ್ರೋಷರುಗಳು, ಒಂದನ್ನೇ ಎಳೆದಾಡುವುದರಲ್ಲಿ ಫಲವಿಲ್ಲ.

ಅಚ್ಚಿಗೆ ಹೋಗುವ ಮೊದಲು ಮುದ್ರಣಾಲಯದವರು ಮಾದರಿ ಪ್ರತಿ ತೆಗೆದುಕೊಟ್ಟರು. ಅದನ್ನು ಮೇಜಿನ ಮೇಲೆ ಹರಡಿ ನೋಡುವುದಲ್ಲ, ಕೈಯಲ್ಲಿ ಮಡಿಸಿ ನೋಡಬೇಕು. ಒಳಕ್ಕೆ ಮಡಚುವ ಪುಟ 97 ಮಿಲಿಮೀಟರ್, ಉಳಿದವೆರಡು 100. ಸಮನಾಗಿದ್ದರೆ ಒಳಪುಟ ಮಡಿಕೆಗೆ ತಾಗಿ ಬಾಗುತ್ತದೆ. ಮಡಿಸಿದಾಗಲೇ ಕಂಡದ್ದು, ನಕಾಶೆ ಇದ್ದದ್ದು ಆ ಕಿರಿದಾದ ಪುಟದಲ್ಲಿ, ಕೊಪ್ಪಳ ಎಂಬ ಹೆಸರು ಮಡಿಕೆಯ ಗೆರೆಯ ಮೇಲೆಯೇ ಕೂತಿತ್ತು. ಐವರಲ್ಲಿ ಯಾರೂ ಅದನ್ನು ಹೇಳಿರಲಿಲ್ಲ, ಹೇಳಲು ಸಾಧ್ಯವೂ ಇರಲಿಲ್ಲ, ಎಲ್ಲರೂ ಓದಿದ್ದು ಮಡಿಸದ ಹಾಳೆಯನ್ನು. ಹೆಸರನ್ನು ಐದು ಮಿಲಿಮೀಟರ್ ಎಡಕ್ಕೆ ಸರಿಸಿದರು. ಅಧ್ಯಕ್ಷರು ಬಣ್ಣದ ಕೈಯನ್ನು ಒರೆಸಿಕೊಂಡು ಸಹಿ ಹಾಕಿದರು.

ಪಟ್ಟಿಯನ್ನು ನಾನು ಅಳಿಸಿಲ್ಲ. ಕೆಲವು ತಿಂಗಳ ನಂತರ ಮರುಮುದ್ರಣದ ಮಾತು ಬಂದಾಗ ಹೊಸದಾಗಿ ಬಂದ ಇನ್ನೊಬ್ಬರು ಅಧಿಕಾರಿ ಕೇಳಿದ ಮೊದಲ ಪ್ರಶ್ನೆ, ಮುಖಪುಟದಲ್ಲಿ 500 ವರ್ಷ ಎಂದು ಏಕೆ ಹಾಕಿಲ್ಲ ಎಂಬುದು. ಪಟ್ಟಿಯ ಹನ್ನೊಂದನೆಯ ಸಾಲನ್ನು ತೆಗೆದು ತೋರಿಸಿದೆ.